ಬಾಗಿಲ ಮೇಲಿನ ನೋಟಿಸು

ಈ ಸೆಮಿಸ್ಟರ್ ನಮ್ಮ ಕಾಲೇಜಿನ ಹಳೇ ಸ್ಟೋರ್ ರೂಮು ಸಿಬ್ಬಂದಿಯ ಹಾಲುಣಿಸುವ ಕೊಠಡಿ ಆಯ್ತು, ಅದರ ಪಕ್ಕದ್ದು ಕ್ರೆಶ್ ಆಯ್ತು. ಇಂಗ್ಲಿಷಲ್ಲಿ ಒಂದು ನೋಟಿಸು ರೆಡಿ ಇತ್ತು. ಅದನ್ನ ಕನ್ನಡಕ್ಕೆ ಮಾಡಿ ಅಂತ ಆಫೀಸಿನವರು ನಮ್ಮ ಸಂಘಕ್ಕೆ ಕೊಟ್ಟರು. ಹನ್ನೆರಡು ವರ್ಷ ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಾವು ನಾಲ್ಕು ಜನ ಡಿಕ್ಷನರಿ ಹಿಡಿದು ಕೂತೆವು.

ಮೂಲದಲ್ಲಿ ಇದ್ದದ್ದೆಲ್ಲ ‘ನಿಷೇಧಿಸಲಾಗಿದೆ’, ‘ಕ್ರಮ ಜರುಗಿಸಲಾಗುವುದು’. ನಮ್ಮ ಬ್ಲಾಕ್ ಗುಡಿಸೋ ಅಕ್ಕನಿಗೆ ಏಳು ತಿಂಗಳ ಮಗು ಇದೆ. ಅವರಿಗೆ ಓದಿ ಹೇಳಿದೆವು. “ಇದು ಟಾಯ್ಲೆಟ್ ಬಾಗಿಲಿಗೆ ಅಂಟಿಸೋ ಬೋರ್ಡಾ?” ಅಂದರು. ಅವರು ಹಾಗೆ ಕೇಳಿದ್ದರಲ್ಲಿ ತಮಾಷೆ ಇರಲಿಲ್ಲ. ಕೆಲಸಕ್ಕೆ ವಾಪಸ್ ಬಂದ ಮೇಲೆ ಅವರು ದಿನಾ ಟಾಯ್ಲೆಟ್‌ನಲ್ಲೇ ನಿಂತು ಹಾಲು ಹಿಂಡಿ ಚೆಲ್ಲುತ್ತಿದ್ದರು. ಮನೇಲಿ ಮಗುವಿಗೆ ಪುಡಿ ಹಾಲು.

ಮೊದಲು ಬದಲಾಗಿದ್ದು ಬುಕಿಂಗ್. ಆಫೀಸಿನವರ ಪ್ಲಾನ್ ಪ್ರಕಾರ ಗೂಗಲ್ ಫಾರ್ಮ್, ಕಾಲೇಜಿನ ಇಮೇಲ್, ಅರ್ಧ ಗಂಟೆಯ ಸ್ಲಾಟ್. ಅಕ್ಕನ ಹತ್ತಿರ ಕಾಲೇಜಿನ ಇಮೇಲ್ ಇಲ್ಲ. ಅರ್ಧ ಗಂಟೆಯೂ ಸಾಲದು: ಹಾಲು ತೆಗೆಯೋಕೆ 15–20 ನಿಮಿಷ, ಅದರ ಜೊತೆಗೆ ಕೈ ತೊಳೆಯೋದು, ಪಂಪ್ ಜೋಡಿಸೋದು, ಮತ್ತೆ ಬಿಚ್ಚಿ ತೊಳೆದಿಡೋದು. ಹಾಗಾಗಿ 40 ನಿಮಿಷ ಅಂತ ಇಟ್ಟೆವು. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ 12 ಸ್ಲಾಟ್ ಸಿಗುತ್ತೆ. ಸುಮಾರು ಮೂರು ಗಂಟೆಗೊಮ್ಮೆ ಹಾಲು ತೆಗೆಯಬೇಕು ಅಂದ್ರೆ ಒಬ್ಬರಿಗೆ ದಿನಕ್ಕೆ ಮೂರು ಸ್ಲಾಟ್. ನಾಲ್ಕು ತಾಯಂದಿರಿಗೆ ರೂಮು ಫುಲ್! ಆಮೇಲೆ ಒಬ್ಬರಿಗೆ ಹತ್ತು ನಿಮಿಷ ತಡವಾದರೂ ಸಂಜೆವರೆಗಿನ ಎಲ್ಲರ ಸರದಿ ಜಾರುತ್ತೆ. ಲ್ಯಾಬ್ ವೈವಾ ಆದ್ರೆ ಕಾಯಬಹುದು, ಹಾಲು ಕಾಯಲ್ಲ. ಹೊತ್ತು ಮೀರಿದರೆ ಎದೆ ಗಟ್ಟಿಯಾಗಿ ಬಿಗಿಯುತ್ತೆ, ನೋಯುತ್ತೆ, ಕೆಲವರಿಗೆ ಬಾವು ಬಂದು ಜ್ವರವೂ ಬರುತ್ತೆ. ಅದಕ್ಕೇ ಇನ್ನೊಂದು ಕುರ್ಚಿ, ನಡುವೆ ಪರದೆ ಕೇಳಿದೆವು. ಎರಡೂ ಬಂದವು. ಒಂದು ಕುರ್ಚಿ ಬುಕಿಂಗ್‌ಗೆ, ಇನ್ನೊಂದು ತುರ್ತಿಗೆ.

ಫಾರ್ಮ್ ಬದಲು ರೂಮಿನೊಳಗೇ ಒಂದು ನೋಟ್‌ಬುಕ್ ಇದೆ. ಹೆಸರು ಬರೆಯೋದು ಬೇಡ, ನಿಮ್ಮ ಟೋಕನ್ ನಂಬರನ್ನ ಸಮಯದ ಮುಂದೆ ಬರೆದರೆ ಸಾಕು. ಸೋಮವಾರ ಒಂದು ಸಲ ಬರೆದರೆ ವಾರಪೂರ್ತಿ ಅದೇ ಹೊತ್ತು ನಿಮ್ಮದು. ಬಾಗಿಲಲ್ಲಿ ತಿರುಗಿಸೋ ಹಲಗೆ ಇದೆ: ಒಂದು ಕಡೆ ‘ಖಾಲಿ ಇದೆ’, ಇನ್ನೊಂದು ಕಡೆ ‘ಒಳಗಿದ್ದಾರೆ, ದಯವಿಟ್ಟು ಕಾಯಿರಿ’. ಒಳಗಡೆ ಚಿಲಕ ಹಾಕಿಸಿದ್ದೇ ನಮಗೆ ಒಂದು ವಾರದ ಓಡಾಟ.

ಫ್ರಿಜ್ ನಿಯಮವನ್ನ ಕಾರಣ ಸಮೇತ ಬರೆದೆವು. ತೆಗೆದ ಹಾಲು 25 ಡಿಗ್ರಿವರೆಗಿನ ರೂಮಿನಲ್ಲಿ 4 ಗಂಟೆ ಇರುತ್ತೆ, ಫ್ರಿಜ್‌ನಲ್ಲಿ 4 ದಿನ. ಆದರೆ ಇದು ಎಲ್ಲರ ಫ್ರಿಜ್. ಅದಕ್ಕೇ “ಬಾಟಲಿಗೆ ಟೋಕನ್ ನಂಬರು, ತಾರೀಕು, ಸಮಯ ಬರೆದು ಹಿಂಬದಿಗೆ ಇಡಿ, ಬಾಗಿಲಿನ ತಟ್ಟೆಯಲ್ಲಿ ಬೇಡ, ತೆಗೆದು ಹಾಕಿದಾಗೆಲ್ಲ ಬಿಸಿಗಾಳಿ ತಾಗುತ್ತದೆ, ಸಂಜೆ ಮನೆಗೆ ಒಯ್ಯಿರಿ” ಅಂತ ಹಾಕಿದೆವು. ಬಸ್ಸಿನಲ್ಲಿ ಹೋಗೋರಿಗೆ ಐಸ್ ಪ್ಯಾಕ್ ಇರೋ ಚೀಲ ಬೇಕು. ಅಕ್ಕ ಈಗ ದಿನಾ ಎರಡು ಬಾಟಲಿ ಒಯ್ತಾರೆ.

ಕ್ರೆಶ್‌ಗೆ ಹೆಸರು ಹುಡುಕೋಕೆ ಕಷ್ಟಪಡಲಿಲ್ಲ. ನರೇಗಾ ಕೆಲಸಕ್ಕೆ ಹೋಗ್ತಿದ್ದ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಶುರುವಾದವಲ್ಲ, ಅದನ್ನೇ ತಗೊಂಡೆವು. ‘ಶಿಶುಪಾಲನಾ ಕೇಂದ್ರ’ ಅಂದ್ರೆ ಎಲ್ಲೋ ಆಫೀಸಿಗೆ ಅರ್ಜಿ ಹಾಕೋ ಹಾಗೆ ಕೇಳಿಸುತ್ತೆ. ‘ಜ್ವರವಿರುವ ಮಕ್ಕಳಿಗೆ ಪ್ರವೇಶವಿಲ್ಲ’ ಅನ್ನೋದು “ಮಗುವಿಗೆ ಜ್ವರವೋ ಭೇದಿಯೋ ಇದ್ದರೆ ಅವತ್ತು ಮನೆಯಲ್ಲೇ ಇರಲಿ, ಉಳಿದ ಮಕ್ಕಳಿಗೂ ಹರಡುತ್ತದೆ” ಅಂತಾಯ್ತು. ಒಂದೇ ಕಡೆ ಮಾತು ಬಿಗಿಯಾಗಿ ಇಟ್ಟೆವು: ಸೇರಿಸುವಾಗ ನೀವು ಹೆಸರು, ಫೋಟೋ ಕೊಟ್ಟವರ ಕೈಗೆ ಮಾತ್ರ ಮಗುವನ್ನು ಕಳಿಸಲಾಗುವುದು, ಫೋನ್ ಮಾಡಿ ಹೇಳಿದರೂ ಬೇರೆಯವರಿಗೆ ಕೊಡುವುದಿಲ್ಲ.

ಕೊನೆಗೆ ಒಂದು ಸಾಲು ನಾವಾಗೇ ಸೇರಿಸಿದೆವು. ಕಾನೂನಿನ ಪ್ರಕಾರ 50 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಕ್ರೆಶ್ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು. ವಿಶ್ರಾಂತಿಯ ಬಿಡುವೂ ಆ ನಾಲ್ಕರಲ್ಲೇ ಸೇರಿದೆ. ಇದು ನೋಟಿಸಿನಲ್ಲಿ ಇದ್ದರೆ ಅಕ್ಕ ಸೂಪರ್‌ವೈಸರ್ ಮುಂದೆ ಕೈಕಟ್ಟಿ “ಸಾರ್, ಹತ್ತು ನಿಮಿಷ” ಅಂತ ಕೇಳಬೇಕಾಗಿಲ್ಲ, ಬೋರ್ಡ್ ತೋರಿಸಿದರೆ ಆಯ್ತು. ಆಫೀಸಿನವರು ಎರಡು ದಿನ ಯೋಚಿಸಿ ಒಪ್ಪಿದರು.

ಕೂಸಿನ ಮನೆ 5 ಗಂಟೆಗೆ ಮುಚ್ಚುತ್ತೆ. ಗುಡಿಸೋರ ಎರಡನೇ ಪಾಳಿ ಮುಗಿಯೋದು ಆರೂವರೆಗೆ. ಆ ಒಂದೂವರೆ ಗಂಟೆ ಮಗು ಎಲ್ಲಿರಬೇಕು ಅನ್ನೋದಕ್ಕೆ ಆಫೀಸಿನಿಂದ ಇನ್ನೂ ಉತ್ತರ ಬಂದಿಲ್ಲ. ನೋಟಿಸಿನಲ್ಲಿ ‘ಸಮಯ’ದ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಬಿಟ್ಟೇ ಪ್ರಿಂಟ್ ತೆಗೆಸಿದ್ದೀವಿ.