ನಕ್ಷತ್ರ ಅಳಿಸಿದರೂ ಓದಿಸಿಕೊಳ್ಳಬೇಕು

ಭದ್ರಾ ಜಲಾಶಯದ ನೀರು ಗರಿಷ್ಠ ಮಟ್ಟವಾದ 186 ಅಡಿಯ ಹತ್ತಿರ ಬಂದರೆ ಶಿವಮೊಗ್ಗದಲ್ಲಿ ಕೂತು ನಾವು ಬರೆಯುವ ವಾಟ್ಸಾಪ್ ಸುದ್ದಿ ಉದ್ದವಾಗುತ್ತದೆ. ಒಳಹರಿವು, ಹೊರಹರಿವು, ಅಧಿಕಾರಿಗಳ ಮಾತು ಎಲ್ಲ ಮುಗಿದ ಮೇಲೆ ಎಚ್ಚರಿಕೆ. ಆದರೆ ಉದ್ದದ ಸಂದೇಶವನ್ನು ವಾಟ್ಸಾಪ್ ಅರ್ಧಕ್ಕೇ ಮಡಚಿಡುತ್ತದೆ. ಭದ್ರಾವತಿಯ ಹೊಳೆದಂಡೆಯವರು Read more ಒತ್ತದಿದ್ದರೆ ಎಚ್ಚರಿಕೆ ಒಳಗೇ ಉಳಿಯುತ್ತದೆ.

ಹಾಗಾಗಿ ಈಗ ಹೀಗೆ ಶುರು ಮಾಡುತ್ತೇವೆ:

```
*ಹೊಳೆಗೆ ಇಳಿಯಬೇಡಿ*

ಭದ್ರಾ ಜಲಾಶಯದಿಂದ ನದಿಗೆ
ನೀರು ಬಿಡಲಾಗುತ್ತಿದೆ.

- ದನಕರು ದಡದಿಂದ ದೂರ ಕಟ್ಟಿ
- ಪಂಪ್‌ಸೆಟ್ ಮೇಲಕ್ಕೆ ತನ್ನಿ
```

ಅಂಕಿಅಂಶ ಇದರ ಕೆಳಗೆ, ಎರಡೆರಡು ವಾಕ್ಯದ ಪ್ಯಾರಾಗಳಲ್ಲಿ. ನಡುವೆ ಒಂದು ಖಾಲಿ ಸಾಲು.

ನಕ್ಷತ್ರಕ್ಕೂ ಅಕ್ಷರಕ್ಕೂ ನಡುವೆ ಜಾಗ ಬಿಟ್ಟರೆ ಅಕ್ಷರ ದಪ್ಪವಾಗುವುದಿಲ್ಲ, ನಕ್ಷತ್ರವೇ ಕಾಣುತ್ತದೆ. ಕನ್ನಡದಲ್ಲಿ ಪ್ರತ್ಯಯ ಪದಕ್ಕೇ ಅಂಟುವುದರಿಂದ ಅದನ್ನೂ ಒಳಗೆ ಸೇರಿಸಿ `*ಭದ್ರಾವತಿಯಲ್ಲಿ*` ಎಂದು ಬರೆಯುತ್ತೇವೆ. ಒಂದು ಜೋಡಿ ನಕ್ಷತ್ರ ಒಂದು ಸಾಲಿಗೆ ಮಾತ್ರ. ಮುಂದಿನ ಪ್ಯಾರಾಕ್ಕೆ ಬೇರೆ ಜೋಡಿ ಬೇಕು.

ಇದೇ ಸುದ್ದಿಯನ್ನು ನಮ್ಮ ಫೇಸ್‌ಬುಕ್ ಗೋಡೆಗೆ ಅಂಟಿಸಿದರೆ ನಕ್ಷತ್ರಗಳು ಹಾಗೇ ಉಳಿಯುತ್ತವೆ. ಅಲ್ಲಿಗೆ ಹಾಕುವ ಮುಂಚೆ ಅವನ್ನು ಅಳಿಸುತ್ತೇವೆ. ಖಾಲಿ ಸಾಲುಗಳು ಎರಡೂ ಕಡೆ ನಿಲ್ಲುತ್ತವೆ. ಅದಕ್ಕೇ ಮುಖ್ಯವಾದದ್ದನ್ನು ಬರೀ ದಪ್ಪ ಅಕ್ಷರಕ್ಕೆ ಒಪ್ಪಿಸದೆ ಮೊದಲ ಸಾಲಿನಲ್ಲೇ ಇಡುತ್ತೇವೆ.