ಕೊನೆಯ ದಿನದಿಂದ ಹಿಂದಕ್ಕೆ

ಪಿಎಚ್.ಡಿ. ಮಹಾಪ್ರಬಂಧದ ಯೋಜನೆಯನ್ನು ನಾವು ಸಾಮಾನ್ಯವಾಗಿ ನೋಂದಣಿಯ ದಿನದಿಂದ ಮುಂದಕ್ಕೆ ಬರೆಯುತ್ತೇವೆ: ಒಂದು ವರ್ಷ ಓದು, ಒಂದು ವರ್ಷ ಕ್ಷೇತ್ರಕಾರ್ಯ, ಒಂದು ವರ್ಷ ಬರವಣಿಗೆ. ನನಗೆ ದೊರೆತ ಅಧ್ಯಯನ ರಜೆ 2022ರ ಜೂನ್ 1ರಿಂದ 2025ರ ಮೇ 31ರವರೆಗೆ ಮಾತ್ರ. ಆದ್ದರಿಂದ ನಾನು ಲೆಕ್ಕವನ್ನು ಮೇ 31ರಿಂದಲೇ ತೊಡಗಿಸಿದೆ. ಕಾಸರಗೋಡು ಪರಿಸರದ ಕೋಲಗಳಲ್ಲಿ ಹಾಡುವ ಪಾಡ್ದನಗಳ ಸ್ಥಳನಾಮಗಳು ನನ್ನ ಅಧ್ಯಯನದ ವಿಷಯ.

ಹಿಂದಕ್ಕೆ ಎಣಿಸಿದಾಗ ಮೊದಲು ತಿಳಿಯುವುದು, ಕೊನೆಯ ಏಳು ತಿಂಗಳು ಬಹುಮಟ್ಟಿಗೆ ನಮ್ಮ ಕೈಯಲ್ಲಿಲ್ಲ ಎಂಬುದು. ಮುದ್ರಣ, ಪ್ರಮಾಣಪತ್ರಗಳು ಮತ್ತು ಕೃತಿಚೌರ್ಯದ ತಪಾಸಣೆಗೆ ಮೇ ತಿಂಗಳು ಬೇಕು. ಹಳೆಯ ನುಡಿ ಅಕ್ಷರಗಳಲ್ಲಿರುವ ಬರಹವನ್ನು ತಪಾಸಣೆಯ ತಂತ್ರಾಂಶ ಕನ್ನಡವೆಂದು ಗುರುತಿಸದು. ಯೂನಿಕೋಡ್‌ಗೆ ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಕೆಡುವುದರಿಂದ ಪುಟಪುಟವನ್ನೂ ಕಣ್ಣಾರೆ ನೋಡಬೇಕು. ಅದಕ್ಕೆ ಮುನ್ನ, ಸಲ್ಲಿಕೆಪೂರ್ವ ವಿಚಾರಗೋಷ್ಠಿಯಲ್ಲಿ ಸಮಿತಿ ಸೂಚಿಸುವ ತಿದ್ದುಪಡಿಗೆ ಆರು ವಾರ ಬೇಕು. ಹಾಗಾದರೆ ಗೋಷ್ಠಿ ಮಾರ್ಚ್ ನಡುವಿನಲ್ಲಿ ಆಗಬೇಕು. ಸಾರಲೇಖ ಅದಕ್ಕೂ ಒಂದು ತಿಂಗಳು ಮೊದಲೇ ಸಮಿತಿಯ ಕೈ ಸೇರಬೇಕು. ಇಡೀ ಕರಡನ್ನು ಮಾರ್ಗದರ್ಶಕರು ಓದಲು ಎರಡು ತಿಂಗಳು, ಅನಂತರ ನಾನು ತಿದ್ದಲು ಆರು ವಾರ. ಹೀಗೆ 36 ತಿಂಗಳ ಕೆಲಸದ ಪೂರ್ಣ ಕರಡು 29ನೆಯ ತಿಂಗಳ ಕೊನೆಗೆ, ಅಂದರೆ 2024ರ ನವೆಂಬರ್ 1ಕ್ಕೆ, ಸಿದ್ಧವಿರಬೇಕೆಂದಾಯಿತು.

ಐದು ಅಧ್ಯಾಯಗಳಿಗೆ ತಲಾ ಆರು ವಾರ, ಪೀಠಿಕೆ ಮತ್ತು ಸಮಾರೋಪಕ್ಕೆ ಒಂದು ತಿಂಗಳು ಎಂದು ಇಟ್ಟರೆ ಬರವಣಿಗೆಗೆ ಎಂಟು ತಿಂಗಳು. ಅದರ ಹಿಂದೆ ಫೆಬ್ರವರಿಯನ್ನು ಖಾಲಿ ಬಿಟ್ಟೆ. ಹಾಗಾಗಿ ಕ್ಷೇತ್ರಕಾರ್ಯ 2024ರ ಜನವರಿಯಲ್ಲಿ ಮುಗಿಯಲೇಬೇಕಿತ್ತು.

ಇಲ್ಲಿ ಪಂಚಾಂಗವೂ ಲೆಕ್ಕಕ್ಕೆ ಬಂತು. ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯವರೆಗೆ ಕೋಲಗಳಿಲ್ಲ. ಮೊದಲ ಋತುವಿನ ಆರಂಭವನ್ನು ಕೋರ್ಸ್‌ವರ್ಕ್ ತೆಗೆದುಕೊಂಡಿತು. ಉಳಿದದ್ದು 2023ರ ಜನವರಿಯಿಂದ ಮೇವರೆಗಿನ ಐದು ತಿಂಗಳು, ಮತ್ತೆ ನವೆಂಬರಿನಿಂದ ಮೂರು ತಿಂಗಳು. ನಡುವಿನ ಮಳೆಗಾಲ ಧ್ವನಿಮುದ್ರಣವನ್ನು ಬರಹಕ್ಕಿಳಿಸುವ ಕಾಲ. ಒಂದು ಗಂಟೆಯ ಪಾಡ್ದನವನ್ನು ಬರೆದುಕೊಳ್ಳಲು ನನಗೆ ಏಳು ಗಂಟೆ ಬೇಕಾಗುತ್ತಿತ್ತು. ವಾರಕ್ಕೆ 15 ಗಂಟೆಯಂತೆ ದುಡಿದರೆ 40 ಗಂಟೆಯ ಹಾಡಿಗೆ ಸುಮಾರು 19 ವಾರ. ಜೂನಿನಿಂದ ಅಕ್ಟೋಬರಿನವರೆಗೆ ಇದ್ದದ್ದು 22 ವಾರ. ಅರುವತ್ತು ಗಂಟೆ ಸಂಗ್ರಹಿಸುವ ನನ್ನ ಆಸೆ ಅಲ್ಲಿಯೇ ನಲವತ್ತಕ್ಕೆ ಇಳಿಯಿತು. ಎರಡನೆಯ ಋತುವನ್ನು ಹೊಸ ಸಂಗ್ರಹಕ್ಕೆ ಬಳಸದೆ ಸಂದೇಹ ಪರಿಹಾರಕ್ಕೆ ಮಾತ್ರ ಮೀಸಲಿಟ್ಟೆ.

ಅವಕಾಶ ಇಷ್ಟೇ ಎಂದು ತಿಳಿದಾಗ ಯಾರನ್ನು ಮೊದಲು ಕಾಣಬೇಕೆಂಬುದೂ ಸ್ಪಷ್ಟವಾಯಿತು. ತೆಂಬರೆ ಬಡಿದು ಹಾಡುವ ಹಿರಿಯ ಮಹಿಳೆಯರ ಹೆಸರುಗಳನ್ನು ವಯಸ್ಸಿನ ಕ್ರಮದಲ್ಲಿ ಬರೆದು, ಎಂಬತ್ತು ದಾಟಿದ ಅಜ್ಜಿಯ ಬಳಿಗೆ ಜನವರಿಯಲ್ಲೇ ಹೋದೆ. ಮರುವರ್ಷ ಊರ ಹೆಸರೊಂದರ ಉಚ್ಚಾರಣೆ ಕೇಳಲು ಹೋದಾಗ ಅವರಿಗೆ ಪಾಡ್ದನದ ಮೊದಲ ಸಾಲೂ ನೆನಪಿರಲಿಲ್ಲ.

ಮಾರ್ಗದರ್ಶಕರ ಭೇಟಿಗಳನ್ನೂ ಈ ಲೆಕ್ಕಕ್ಕೆ ಹೊಂದಿಸಿದೆ. ಅವರು ಯಾವಾಗ ಸಿಗುವರೆಂದು ಕೇಳುವ ಬದಲು ಯಾವ ವಾರಗಳಲ್ಲಿ ಸಿಗಲಾರರೆಂದು ವರ್ಷಾರಂಭದಲ್ಲೇ ಕೇಳಿ, ಮೌಲ್ಯಮಾಪನದ ದಿನಗಳನ್ನು ಬಿಟ್ಟುಕೊಂಡೆ. ಸಂಗ್ರಹದ ಕಾಲದಲ್ಲಿ ತಿಂಗಳಿಗೊಮ್ಮೆ, ಬರವಣಿಗೆಯ ಕಾಲದಲ್ಲಿ ಮೂರು ವಾರಕ್ಕೊಮ್ಮೆ ಭೇಟಿ. ಕೇಳಬೇಕಾದ ಪ್ರಶ್ನೆಗಳ ಒಂದು ಪುಟ ಮೂರು ದಿನ ಮೊದಲೇ ಅವರಿಗೆ ತಲುಪುತ್ತಿತ್ತು. ತೀರ್ಮಾನಗಳನ್ನೂ ಮುಂದಿನ ದಿನಾಂಕವನ್ನೂ ಅಂದೇ ಬರೆದು ಕಳುಹಿಸುತ್ತಿದ್ದೆ. ಒಂದು ಅಧ್ಯಾಯ ಅವರ ಮೇಜಿನಲ್ಲಿರುವಾಗ ನಾನು ಮುಂದಿನದನ್ನು ಬರೆಯುತ್ತಿದ್ದೆ.

ತಿದ್ದುಪಡಿಗೆಂದು ಬಿಡುವ ಹೆಚ್ಚುವರಿ ಕಾಲವನ್ನು ಕೊನೆಯಲ್ಲಿ ರಾಶಿ ಹಾಕಿದರೆ ಮೊದಲ ವಿಳಂಬವೇ ಅದನ್ನು ನುಂಗುತ್ತದೆ. ಕೆಲಸವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಜಾಗಗಳಲ್ಲಿ ಅದನ್ನು ಹಂಚಬೇಕು. ಒಂದು ಮನೆತನದ ಕೋಲ ಸೂತಕದಿಂದಾಗಿ ಜನವರಿಯಿಂದ ಮುಂದಕ್ಕೆ ಹೋದಾಗ ಖಾಲಿ ಬಿಟ್ಟ ಫೆಬ್ರವರಿ ಅದನ್ನು ಹೊತ್ತಿತು. ಪೂರ್ಣ ಕರಡು ಓದಿದ ಮಾರ್ಗದರ್ಶಕರು ಎರಡನೆಯ ಮತ್ತು ಮೂರನೆಯ ಅಧ್ಯಾಯಗಳನ್ನು ಅದಲುಬದಲು ಮಾಡಲು ಹೇಳಿದಾಗ ಆ ಆರು ವಾರಗಳು ನೆರವಾದವು.

ಯೋಜನೆ ಜಾರುತ್ತಿದೆಯೆಂದು ತಿಳಿಯಲು ನಾನು ಇಟ್ಟುಕೊಂಡ ಗುರುತು ಒಂದೇ: ಸತತ ಎರಡು ಅಧ್ಯಾಯಗಳು ವಾರಕ್ಕಿಂತ ಹೆಚ್ಚು ತಡವಾಗಿ ಮಾರ್ಗದರ್ಶಕರ ಕೈ ಸೇರಿದರೆ ವೇಗ ಹೆಚ್ಚಿಸದೆ ವ್ಯಾಪ್ತಿ ಕುಗ್ಗಿಸಬೇಕು. ಯಾವುದನ್ನು ಬಿಡಬೇಕೆಂಬುದನ್ನು ಮೊದಲೇ ಗೊತ್ತುಮಾಡಿರಬೇಕು. ಒತ್ತಡದಲ್ಲಿರುವಾಗ ಎಲ್ಲವೂ ಅನಿವಾರ್ಯವೆಂದೇ ತೋರುತ್ತದೆ. ನಾಲ್ಕನೆಯ ಅಧ್ಯಾಯದಲ್ಲಿ ತೆಯ್ಯಂ ಹಾಡುಗಳೊಡನೆ ಮಾಡಬೇಕೆಂದಿದ್ದ ಹೋಲಿಕೆ ಹಾಗೆಯೇ ಹೊರಗುಳಿಯಿತು. ಅದರ ಟಿಪ್ಪಣಿಗಳನ್ನು ಕಡತದಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಅದು ಸ್ವತಂತ್ರ ಲೇಖನವಾಗಬಲ್ಲದು. ಅದಕ್ಕೆ ಮೇ 31ರ ಗಡುವಿಲ್ಲ.