ಅಡಕ 3

ಕೊಂಡ ಎಂಟೇ ತಿಂಗಳಿಗೆ ನಮ್ಮ ಮನೆಯ ಫ್ರಿಜ್ಜು ತಂಪು ಬಿಟ್ಟಿತು. ವಾರಂಟಿ ಇತ್ತು. ಫೋನ್ ಮಾಡಿದಾಗಲೆಲ್ಲ ದೂರಿನ ಸಂಖ್ಯೆ ಸಿಕ್ಕಿತು, ಮೆಕ್ಯಾನಿಕ್ ಸಿಗಲಿಲ್ಲ. ಮೂರು ವಾರ ಕಾದು ಎರಡು ಪುಟದ ದೂರು ಬರೆದೆ. ಹನ್ನೊಂದು ಸ್ಕ್ರೀನ್‌ಶಾಟ್, ಒಂದು ಬಿಲ್ಲಿನ ಫೋಟೋ ಸೇರಿಸಿ ಈಮೇಲ್ ಕಳಿಸಿದೆ. ‘ಸೂಕ್ತ ದಾಖಲೆ ಕಳಿಸಿ’ ಎಂದು ಉತ್ತರ ಬಂತು.

ನಮ್ಮ ಚಿಕ್ಕಪ್ಪ ತಾಲ್ಲೂಕು ಕಚೇರಿಯಲ್ಲಿ ಕಡತ ನೋಡಿ ನಿವೃತ್ತರಾದವರು. ಪತ್ರ ಓದಿ, “ಯಾವ ಮಾತಿಗೆ ಯಾವ ಕಾಗದ ಅಂತ ಎಲ್ಲಿ ಬರೆದಿದ್ದೀಯೋ? ಓದೋನೇ ಹುಡುಕ್ಕೋಬೇಕಾ?” ಎಂದರು. ಇಬ್ಬರೂ ಕೂತು ಒಂದೊಂದನ್ನೇ ತೆಗೆದು ನೋಡಿದೆವು.

ವಾಟ್ಸಾಪ್ ಚಿತ್ರದಲ್ಲಿ ತಾರೀಕಿನ ಜಾಗದಲ್ಲಿ Yesterday ಎಂದಿತ್ತು. ಯಾವ ದಿನದ ನಿನ್ನೆ? ಅಂದ ಕಾಣಲೆಂದು ನಾನು ಮೇಲ್ಭಾಗ ಕತ್ತರಿಸಿದ್ದರಿಂದ ಕಳಿಸಿದವರು ಯಾರೆಂದೂ ತಿಳಿಯುತ್ತಿರಲಿಲ್ಲ. ಅದೇ ಸಂದೇಶವನ್ನು ಈಗ ತೆರೆದರೆ ಪೂರ್ತಿ ತಾರೀಕು ಕಾಣಿಸಿತು. ಕತ್ತರಿಸದೆ ಮತ್ತೆ ಚಿತ್ರ ತೆಗೆದೆ, ನಂಬರು ಕಾಣುವ ಪುಟದ್ದನ್ನೂ ಜೊತೆಗಿಟ್ಟೆ. ಬಿಲ್ಲಿನ ಕಥೆ ಬೇರೆ. ಅದು ಶಾಖದಿಂದ ಅಚ್ಚಾಗುವ ನುಣುಪು ಕಾಗದ. ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೋಪಾನ ಮಾಡಿದ್ದೇ ತಪ್ಪಾಗಿ ಅಕ್ಷರ ಮಾಸಿತ್ತು. ಅಂಗಡಿಯವರು ಕಂಪ್ಯೂಟರಿನಿಂದ ಇನ್ನೊಂದು ಪ್ರತಿ ತೆಗೆದುಕೊಟ್ಟರು. ಇಂಥ ಬಿಲ್ಲನ್ನು ತಂದ ದಿನವೇ ಜೆರಾಕ್ಸ್ ಮಾಡಿಸಬೇಕು.

ಹೆಚ್ಚು ಹೊತ್ತು ಹಿಡಿದದ್ದು ಕರೆಗಳ ಪಟ್ಟಿ. ‘ಎರಡು ದಿನದಲ್ಲಿ ರಿಪೇರಿ ಮಾಡುತ್ತೇವೆಂದು ಮಾತು ಕೊಟ್ಟಿದ್ದೀರಿ’ ಎಂದು ಬರೆದು ಅದಕ್ಕೆ ಕರೆಪಟ್ಟಿಯನ್ನು ಸಾಕ್ಷಿಯಾಗಿ ಇಟ್ಟಿದ್ದೆ. ಚಿಕ್ಕಪ್ಪ ಒಪ್ಪಲಿಲ್ಲ. ಆ ಪಟ್ಟಿ ಹೇಳುವುದು ಯಾವ ನಂಬರಿಗೆ, ಯಾವಾಗ, ಎಷ್ಟು ನಿಮಿಷ ಎಂಬುದನ್ನಷ್ಟೇ; ಆಡಿದ ಮಾತು ಅದರಲ್ಲಿಲ್ಲ. ಹುಡುಕಿದಾಗ, ಆ ಸಂಜೆಯೇ ಬಂದಿದ್ದ ಎಸ್ಸೆಮ್ಮೆಸ್ಸಿನಲ್ಲಿ ದೂರಿನ ಸಂಖ್ಯೆಯೂ ಮೆಕ್ಯಾನಿಕ್ ಬರುವ ದಿನವೂ ಇದ್ದವು. ಆಗ ವಾಕ್ಯ ಹೀಗಾಯಿತು: ‘ಏಪ್ರಿಲ್ 12ರ ಬೆಳಿಗ್ಗೆ 10.40ಕ್ಕೆ ನಿಮ್ಮ ಸಹಾಯವಾಣಿಗೆ ಕರೆ ಮಾಡಿ 14 ನಿಮಿಷ ಮಾತಾಡಿದೆ (ಅಡಕ 3). ಏಪ್ರಿಲ್ 14ಕ್ಕೆ ಮೆಕ್ಯಾನಿಕ್ ಬರುವುದಾಗಿ ಅಂದೇ ಸಂಜೆ ಸಂದೇಶ ಕಳಿಸಿದಿರಿ (ಅಡಕ 4). ಯಾರೂ ಬರಲಿಲ್ಲ.’ ಸಿಟ್ಟಿನ ಒಂದು ಪದವೂ ಇಲ್ಲದ ಈ ಮೂರು ಸಾಲು ನನ್ನ ಎರಡು ಪುಟಕ್ಕಿಂತ ಗಟ್ಟಿಯಾಗಿದ್ದವು.

ಹನ್ನೊಂದರಲ್ಲಿ ಏಳು ಚಿತ್ರಗಳಿಗೆ ಪತ್ರದಲ್ಲಿ ಜಾಗವೇ ಇರಲಿಲ್ಲ, ಬಿಟ್ಟೆವು. ಉಳಿದವನ್ನು ಘಟನೆ ನಡೆದ ಕ್ರಮದಲ್ಲಿ ಜೋಡಿಸಿ, ಪ್ರತಿ ಪುಟದ ಮೂಲೆಯಲ್ಲಿ ಸಂಖ್ಯೆ ಬರೆದು, ಒಂದೇ ಪಿಡಿಎಫ್ ಮಾಡಿದೆವು. ಹಣ ಕಟ್ಟಿದ ಚಿತ್ರದಲ್ಲಿ ಬ್ಯಾಂಕಿನ ಬಾಕಿ ಮೊತ್ತ ಮುಚ್ಚಿ, ವಹಿವಾಟಿನ ಸಂಖ್ಯೆ ಉಳಿಸಿದೆವು. ಸಹಿಯ ಕೆಳಗೆ ಅಡಕಗಳ ಪಟ್ಟಿ ಬಂತು.

ನಾಲ್ಕನೆಯ ದಿನ ಮೆಕ್ಯಾನಿಕ್ ಬಂದು ಕಂಪ್ರೆಸರ್ ಬದಲಿಸಿದ. ಆದರೂ ಫೋನಿನಲ್ಲಿರುವ ಮೂಲ ಸಂದೇಶಗಳನ್ನು ನಾನು ಅಳಿಸಿಲ್ಲ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಕಾನೂನು 2 ವರ್ಷ ಕಾಲಾವಕಾಶ ಕೊಟ್ಟಿದೆ. ಅಷ್ಟು ದಿನ ನೀವೂ ಅಳಿಸಬೇಡಿ.